ಪೇಟೆ ಬಿದ್ದ ದಿನ ಬೀಳದ ಶೇರು: ರಿಲೇಟಿವ್ ಸ್ಟ್ರೆಂತ್ ಜೊತೆ ನನ್ನ ಅನುಭವ

ವಿಜಯಪುರದಲ್ಲಿ ನಮ್ಮ ಕಾಕಾಂದು ಒಣದ್ರಾಕ್ಷಿ ಅಡತಿ ಅಂಗಡಿ. ಹಗಲು ಅಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ, ಶೇರು ಶನಿವಾರದ ಕೆಲಸ. ಇಂಡೆಕ್ಸಿನ ಪಕ್ಕದಲ್ಲಿಟ್ಟು ಶೇರು ನೋಡುವುದನ್ನು, ಅಂದರೆ ರಿಲೇಟಿವ್ ಸ್ಟ್ರೆಂತನ್ನು, ನಾನು ಪುಸ್ತಕಕ್ಕಿಂತ ಮೊದಲು ಆ ಅಂಗಡಿಯಲ್ಲೇ ಕಂಡಿದ್ದೆ, ಆದರೆ ಅದು ತಲೆಗೆ ಹೋಗಲು ದುಡ್ಡು ಕಳೆಯಬೇಕಾಯಿತು.

2021ರಲ್ಲಿ ಸಕ್ಕರೆ ಶೇರುಗಳ ಹವಾ ಜೋರಿತ್ತು. ಎಥೆನಾಲ್ ಎಂದರೆ ಸಾಕು, ನಮ್ಮ ಕಡೆ ಕಬ್ಬಿನ ಗದ್ದೆ ಇದ್ದವರೆಲ್ಲ ಶೇರು ಪಂಡಿತರು. ನಾನೂ ಒಂದು ಸಕ್ಕರೆ ಕಂಪನಿ ಹಿಡಿದೆ, ಹೆಸರು ಬೇಡ. ಆ ವರ್ಷ ಅದು ಸುಮಾರು 55% ಏರಿತ್ತು, ನಿಫ್ಟಿ 24%. ನಿಫ್ಟಿಯನ್ನು ಎರಡು ಪಟ್ಟು ಮೀರಿಸಿದೆ, ಇದೇ ಲೀಡರ್ ಎಂದುಕೊಂಡು 2022ರ ಜನವರಿಯಲ್ಲಿ ಕೊಂಡೆ. ಜೂನ್ ಹೊತ್ತಿಗೆ ಮೂರನೇ ಒಂದು ಪಾಲು ಕರಗಿತ್ತು.

ಕಂಪನಿ ಕೆಟ್ಟದ್ದಾಗಿರಲಿಲ್ಲ, ನನ್ನ ತಕ್ಕಡಿ ತಪ್ಪಾಗಿತ್ತು. ಅದು ಸಣ್ಣ ಕಂಪನಿ, ಮತ್ತು ಅದೇ 2021ರಲ್ಲಿ ನಿಫ್ಟಿ ಸ್ಮಾಲ್‌ಕ್ಯಾಪ್ 100 ಇಂಡೆಕ್ಸೇ 59% ಹತ್ತಿರ ಏರಿತ್ತು. ಅಂದರೆ ತನ್ನ ಓರಗೆಯವರ ನಡುವೆ ನನ್ನ ಶೇರು ಸರಾಸರಿಗಿಂತ ಒಂದು ಕೂದಲು ಹಿಂದೆಯೇ ಇತ್ತು. ಊರಿಗೆ ಊರೇ ನೀರಲ್ಲಿ ತೇಲುತ್ತಿದ್ದಾಗ ಅದು ತೇಲಿದ್ದನ್ನು ನೋಡಿ ನಾನು ಈಜು ಬರುತ್ತದೆ ಅಂದುಕೊಂಡಿದ್ದೆ. ಸಣ್ಣ ಕಂಪನಿಯನ್ನು ಸ್ಮಾಲ್‌ಕ್ಯಾಪ್ ಇಂಡೆಕ್ಸಿನ ಜೊತೆ, ದೊಡ್ಡದನ್ನು ನಿಫ್ಟಿಯ ಜೊತೆ ಹೋಲಿಸಬೇಕೆಂಬುದು ಅಂದಿನಿಂದ ನನಗೆ ಮೊದಲ ನಿಯಮ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನೇ ಆರು ತಿಂಗಳು ಗೊಂದಲದಲ್ಲಿದ್ದೆ. ಮೊಬೈಲ್ ಆ್ಯಪ್‌ಗಳಲ್ಲಿ ಕಾಣುವ ಆರ್‌ಎಸ್‌ಐ ಬೇರೆ, ಈ ರಿಲೇಟಿವ್ ಸ್ಟ್ರೆಂತ್ ಬೇರೆ. ಆರ್‌ಎಸ್‌ಐ ಶೇರನ್ನು ಅದರದ್ದೇ ಹಿಂದಿನ ದಿನಗಳ ಜೊತೆ ಅಳೆಯುತ್ತದೆ. ಅದರಲ್ಲಿ ಇಂಡೆಕ್ಸಿನ ಸುದ್ದಿಯೇ ಇಲ್ಲ.

ಜೂನ್‌ನ ಆ ನಷ್ಟದ ದಿನಗಳಲ್ಲೇ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕಾಕಾ ಪೆಟ್ಟಿಗೆಗಳ ನಡುವೆ ಕೂತಿದ್ದರು. ಲಿಲಾವು ತಣ್ಣಗಿತ್ತು, ಎಲ್ಲ ಮಾಲಿಗೂ ದರ ಇಳಿದಿತ್ತು. ಆದರೆ ಒಬ್ಬ ರೈತರ ಹಸಿರು ಮಾಲು ಹಿಂದಿನ ವಾರದ ದರಕ್ಕೇ ಹೋಯಿತು. ನಾನು ಆಶ್ಚರ್ಯಪಟ್ಟಿದ್ದಕ್ಕೆ ಕಾಕಾ, "ತಮ್ಮಾ, ದರಾ ಏರೂವಾಗ ಕಸಾನೂ ಏರತೈತಿ. ಇಂಥಾ ದಿನಾ ಯಾರ್ ಮಾಲಿಗೆ ಕೈ ಬರತಾವು ನೋಡ್ಕೊ, ಮುಂದಿನ ವಾರ ಅವರ್ನ ಹುಡುಕ್ಕೊಂಡ್ ಬರತಾರ," ಅಂದರು. ಅವರು ಶೇರಿನ ಬಗ್ಗೆ ಹೇಳಿದ್ದಲ್ಲ. ನಾನು ಅದೇ ರಾತ್ರಿ ಶೀಟು ತೆರೆದು ಕೂತೆ.

ಶೀಟಿನಲ್ಲಿ ನಿಫ್ಟಿ 50ರ ಅಷ್ಟೂ ಶೇರುಗಳ ವಾರದ ಕೊನೆಯ ದರ, ಪಕ್ಕದಲ್ಲಿ ನಿಫ್ಟಿಯ ವಾರದ ಕೊನೆಯ ಮಟ್ಟ. ದಿನದ ದರ ಬಳಸಿದರೆ ಗೆರೆ ನಡುಗುತ್ತದೆ, ಪ್ರತಿ ಸುದ್ದಿಗೂ ಕುಣಿಯುತ್ತದೆ. ಅದಕ್ಕೇ ಶುಕ್ರವಾರದ ಮುಕ್ತಾಯ ಮಾತ್ರ. ಕೆಲಸ ಒಂದೇ: ಶೇರಿನ ದರವನ್ನು ಇಂಡೆಕ್ಸಿನಿಂದ ಭಾಗಿಸುವುದು, ಓದಲು ಸುಲಭವಾಗಲಿ ಎಂದು ಸಾವಿರದಿಂದ ಗುಣಿಸುವುದು. ಬಂದ ಅಂಕಿಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ವಿಷಯ.

ಆ ಅಂಕಿ ಎಷ್ಟು ಏರಿದೆ ಎಂದು ಪಟ್ಟಿಯನ್ನು ವಿಂಗಡಿಸಿದಾಗ ಮೇಲಿನ ಸಾಲುಗಳಲ್ಲಿ ಕಂಡ ಒಂದು ಹೆಸರು ನೋಡಿ ನಗು ಬಂತು. ಐಟಿಸಿ! ಆಗಿನ ಕಾಲ ನೆನಪಿದ್ದವರಿಗೆ ಗೊತ್ತು, ಐಟಿಸಿ ಅಂದರೆ ಜೋಕು. ವರ್ಷಗಟ್ಟಲೆ ಅಲ್ಲಾಡದ ಶೇರು, ವಾಟ್ಸಾಪ್ ತುಂಬ ಅದರದ್ದೇ ಮೀಮು. 2017ರ ಜುಲೈನಲ್ಲಿ ಸಿಗರೇಟಿನ ಮೇಲೆ ಸೆಸ್ ಏರಿಸಿದ ಮೇಲೆ ಒಂದೇ ದಿನ 12%ಕ್ಕೂ ಹೆಚ್ಚು ಬಿದ್ದದ್ದು, ಆಮೇಲೆ ನಿಫ್ಟಿ ಎಲ್ಲೋ ಹೋಯಿತು, ಇದು ಎಲ್ಲೋ ಉಳಿಯಿತು.

ಲೆಕ್ಕ ಹೀಗಿತ್ತು. 2021ರ ಡಿಸೆಂಬರ್ 31ಕ್ಕೆ ಐಟಿಸಿ 218, ನಿಫ್ಟಿ 17,354. ಭಾಗಿಸಿ ಸಾವಿರದಿಂದ ಗುಣಿಸಿದರೆ 12.56. 2022ರ ಜೂನ್ 17ಕ್ಕೆ ನಿಫ್ಟಿ 15,293ಕ್ಕೆ ಇಳಿದಿತ್ತು, ಐಟಿಸಿ ಸುಮಾರು 265. ಅಂಕಿ 17.33. ಶೇರು ಏರಿದ್ದು ಸುಮಾರು 22% ಮಾತ್ರ, ಆದರೆ ಇಂಡೆಕ್ಸಿನ ಎದುರು ಅದರ ಬಲ ಏರಿದ್ದು 38%. ಪೇಟೆಯೇ ಮುಳುಗುತ್ತಿದ್ದಾಗ ಯಾರೋ ದೊಡ್ಡವರು ಬಿಡದೆ ಕೊಳ್ಳುತ್ತಿದ್ದರೆ ಇಂಥ ಗೆರೆ ಬರುತ್ತದೆ ಎಂದು ನನ್ನ ಎಣಿಕೆ.

ಆದರೆ ಆ 38% ನೋಡಿ ತಕ್ಷಣ ನಂಬಬೇಡಿ. ನಾನು ಡಿಸೆಂಬರ್ 31ರಿಂದ ಎಣಿಸಿದ್ದು ಶೀಟು ಅಲ್ಲಿಂದ ಶುರುವಾಗಿತ್ತು ಎಂಬ ಕಾರಣಕ್ಕೆ. ಪೇಟೆಯ ತುದಿಯಿಂದ, ಅಂದರೆ 2021ರ ಅಕ್ಟೋಬರ್ 18ರ 18,477ರಿಂದ ಎಣಿಸಿದರೆ? ಆಗ ಐಟಿಸಿ ಕೆಲವು ದಿನ 260ರ ಮೇಲೆ ಹೋಗಿ ಮತ್ತೆ ಕುಸಿದಿತ್ತು. ಅಲ್ಲಿಂದ ನೋಡಿದರೆ ಬಲದ ಏರಿಕೆ 22%ರ ಆಸುಪಾಸು ಮಾತ್ರ. ಶೇರು ಅದೇ, ಜೂನ್ ಅದೇ, ಶುರುವಿನ ದಿನ ಬದಲಾದರೆ ಉತ್ತರ ಬದಲಾಗುತ್ತದೆ. ಯೂಟ್ಯೂಬಿನಲ್ಲಿ ಲೀಡರ್ ಪಟ್ಟಿ ಕೊಡುವವರ ಕೈಚಳಕ ಬಹುಪಾಲು ಈ ದಿನಾಂಕದಲ್ಲೇ ಇರುತ್ತದೆ ಎಂದು ನನ್ನ ಗುಮಾನಿ.

ಹಾಗಾಗಿ ಶುರುವಿನ ದಿನ ಆರಿಸುವ ಅಧಿಕಾರವನ್ನೇ ನನ್ನ ಕೈಯಿಂದ ಕಿತ್ತುಕೊಂಡೆ. ಶೀಟಿಗೆ ಹಿಂದಿನ ವಾರಗಳನ್ನೂ ಸೇರಿಸಿ, ಈ ವಾರದ ಅಂಕಿಯನ್ನು ಕಳೆದ 52 ವಾರಗಳ ಸರಾಸರಿ ಅಂಕಿಗೆ ಹೋಲಿಸುತ್ತೇನೆ. ಚಾರ್ಟ್ ಬಲ್ಲವರು ಇದನ್ನು ಮ್ಯಾನ್ಸ್‌ಫೀಲ್ಡ್ ರಿಲೇಟಿವ್ ಸ್ಟ್ರೆಂತ್ ಎನ್ನುತ್ತಾರೆ. ಬಿ ಕಾಲಮ್ಮಿನಲ್ಲಿ ಶೇರು, ಸಿಯಲ್ಲಿ ಇಂಡೆಕ್ಸು, ಡಿಯಲ್ಲಿ ಭಾಗಾಕಾರ, ಇಯಲ್ಲಿ ಹೋಲಿಕೆ. ಮೊದಲ ಸೂತ್ರ 3ನೇ ಸಾಲಿನಿಂದ ಕೆಳಕ್ಕೆ ಎಳೆಯಬೇಕು, ಎರಡನೆಯದು 54ನೇ ಸಾಲಿನಿಂದ:

```
D3:   =B3/C3*1000
E54:  =(D54/AVERAGE(D3:D54)-1)*100
```

ಉತ್ತರ ಸೊನ್ನೆಗಿಂತ ಮೇಲಿದ್ದರೆ ಶೇರು ತನ್ನ ವರ್ಷದ ಸರಾಸರಿಗಿಂತ ಬಲವಾಗಿದೆ. ಐಟಿಸಿಯದ್ದು ಆ ಜೂನ್‌ನಲ್ಲಿ 25ರ ಮೇಲಿತ್ತು. ಶೀಟು ಬೇಡ ಎನ್ನುವವರು ಟ್ರೇಡಿಂಗ್‌ವ್ಯೂನ ಹುಡುಕುವ ಪೆಟ್ಟಿಗೆಯಲ್ಲಿ `NSE:ITC/NSE:NIFTY` ಎಂದು ಟೈಪ್ ಮಾಡಿದರೆ ಭಾಗಾಕಾರದ ಗೆರೆ ನೇರ ಬರುತ್ತದೆ. ನಾನು ಕೈಯಾರೆ ಮಾಡುವುದು ಅಂಕಿ ಕಣ್ಣಿಗೆ ಬೀಳಲಿ ಎಂದು.

ಇಷ್ಟಾದರೂ ಒಂದು ಅನುಮಾನ ಉಳಿದಿತ್ತು. ಆ ವರ್ಷ ಎಫ್‌ಎಂಸಿಜಿ, ಅಂದರೆ ದಿನಬಳಕೆ ಸಾಮಾನು ಮಾರುವ ಕಂಪನಿಗಳ ಶೇರುಗಳು ಒಟ್ಟಾರೆ ನಿಫ್ಟಿಗಿಂತ ಗಟ್ಟಿಯಾಗಿದ್ದವು. ಹಾಗಿದ್ದರೆ ಐಟಿಸಿ ಲೀಡರೋ, ಗುಂಪಿನಲ್ಲಿ ಗೋವಿಂದನೋ? ಸಕ್ಕರೆಯ ಪಾಠ ಇಲ್ಲಿ ಕೆಲಸಕ್ಕೆ ಬಂತು. ನಿಫ್ಟಿಯ ಬದಲು ಎಫ್‌ಎಂಸಿಜಿ ಇಂಡೆಕ್ಸಿನಿಂದ ಭಾಗಿಸಿ, `NSE:ITC/NSE:CNXFMCG` ಹಾಕಿ ನೋಡಿದೆ. ಆ ಗೆರೆಯೂ ಏರುತ್ತಿತ್ತು. ಆ ಇಂಡೆಕ್ಸಿನಲ್ಲಿ ಆಗ ಐಟಿಸಿಯದ್ದೇ ಸುಮಾರು ಮೂರನೇ ಒಂದು ಪಾಲು ತೂಕವಿತ್ತು ಎಂಬುದು ಗಮನದಲ್ಲಿರಬೇಕು. ಅರ್ಧಂಬರ್ಧ ತನ್ನನ್ನು ತಾನೇ ತೂಗಿಕೊಂಡಂತೆ, ಆದ್ದರಿಂದ ಅಲ್ಲಿ ಗೆರೆ ಇರುವುದಕ್ಕಿಂತ ಚಪ್ಪಟೆಯಾಗಿ ಕಾಣುತ್ತದೆ. ಹಾಗಿದ್ದೂ ಏರುತ್ತಿದೆ ಅಂದರೆ ಉಳಿದ ಸೋಪು ಬಿಸ್ಕತ್ತು ಕಂಪನಿಗಳಿಗಿಂತ ಚೆನ್ನಾಗಿಯೇ ಮುಂದಿದೆ ಎಂದರ್ಥ.

ಕೊನೆಗೆ ನೋಡಿದ್ದು ಬರೀ ದರದ ಚಾರ್ಟು. ಇದನ್ನು ಬಿಡಬಾರದು. ನಿಫ್ಟಿ 15% ಬಿದ್ದು ಶೇರು 8% ಬಿದ್ದರೂ ಭಾಗಾಕಾರದ ಗೆರೆ ಮೇಲೇ ಹೋಗುತ್ತದೆ. ಶೀಟು ಅದನ್ನು ಬಲಶಾಲಿ ಎನ್ನುತ್ತದೆ, ನಿಮ್ಮ ಜೇಬು ಮಾತ್ರ 8% ಹಗುರಾಗಿರುತ್ತದೆ. ಇಂಥ ಹೆಸರುಗಳು ಆ ಜೂನ್‌ನ ಪಟ್ಟಿಯಲ್ಲೂ ಇದ್ದವು, ಗೀಟು ಹೊಡೆದೆ. ಐಟಿಸಿಯ ದರ ತಾನೂ ಏರುತ್ತಿತ್ತು. ಜುಲೈ ಮೊದಲ ವಾರ 290ರ ಆಸುಪಾಸಿನಲ್ಲಿ ಕೊಂಡೆ. ಮನೆಯಲ್ಲಿ ಹೇಳಲಿಲ್ಲ, ಮೀಮು ಕಳಿಸುವ ಗೆಳೆಯರಿಗಂತೂ ಹೇಳಲೇ ಇಲ್ಲ.

ಆ ವರ್ಷ ಮುಗಿದಾಗ ನಿಫ್ಟಿ 18,105, ಐಟಿಸಿ 331. ಕೊಂಡ ಮೇಲೆ ಪ್ರತಿ ಶನಿವಾರ ಒಂದೇ ಸಾಲು ಸೇರಿಸುವುದು, ಇ ಕಾಲಮ್ಮು ಸೊನ್ನೆಯ ಮೇಲಿದೆಯೇ ನೋಡುವುದು, ಮುಚ್ಚುವುದು. ಹೇಳಲು ಹೆಚ್ಚೇನಿಲ್ಲ.

ಮಾರುವುದು ಮಾತ್ರ ಸುಲಭವಾಗಲಿಲ್ಲ. 2023ರ ಜುಲೈನಲ್ಲಿ ಐಟಿಸಿ 490 ತಲುಪಿದಾಗ ಡಿ ಕಾಲಮ್ಮಿನ ಅಂಕಿ 24.8. ಅದೇ ತುದಿ. ಆಮೇಲೆ ಹೋಟೆಲ್ ವ್ಯವಹಾರ ಬೇರೆ ಮಾಡುವ ಸುದ್ದಿ ಬಂತು, ಶೇರು ನಿಧಾನ ಜಾರತೊಡಗಿತು. ದಿನದ ದರ ನೋಡುವವನಿಗೆ ಇದು ಸಣ್ಣ ವಿಶ್ರಾಂತಿಯಂತೆ ಕಾಣುತ್ತಿತ್ತು. ಶೀಟಿನಲ್ಲಿ ವಾರ ವಾರ ಅಂಕಿ ಸವೆಯುತ್ತಿತ್ತು. ನವೆಂಬರ್‌ನಲ್ಲಿ ಇ ಕಾಲಮ್ಮು ಸೊನ್ನೆಯ ಕೆಳಗಿಳಿಯಿತು. ಒಂದು ವಾರ ಇಳಿದರೆ ನಾನು ಮಾರುವುದಿಲ್ಲ, ಎರಡನೇ ಶುಕ್ರವಾರವೂ ಕೆಳಗೇ ಇದ್ದರೆ ಸೋಮವಾರ ಮಾರುತ್ತೇನೆ. 437ರ ಸುಮಾರಿಗೆ ಕೊಟ್ಟೆ.

ಡಿಸೆಂಬರ್‌ನಲ್ಲಿ ಅದು 462ಕ್ಕೆ ಏರಿದಾಗ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದೇ ಹೊತ್ತಿಗೆ ನಿಫ್ಟಿ 21,731 ಮುಟ್ಟಿತ್ತು. ಜುಲೈ ತುದಿಯಿಂದ ಶೇರು ಇಳಿದದ್ದು 6% ಕೂಡ ಇಲ್ಲ, ಬಲದ ಅಂಕಿ ಮಾತ್ರ 21.3ಕ್ಕೆ ಬಂದಿತ್ತು, ಸುಮಾರು 14% ಕುಸಿತ. ಏರುವ ಪೇಟೆಯಲ್ಲಿ ಕುಂಟುತ್ತಿದ್ದ ಶೇರು. ಮುಂದಿನ ಮಾರ್ಚ್‌ನಲ್ಲಿ ಅದು 400ರ ಹತ್ತಿರ ಬಂದಾಗ ಉರಿ ತಣ್ಣಗಾಯಿತು.

ಇನ್ನು ಲೆಕ್ಕ ಹಾಕಿ ನೋಡುವವರಿಗೆ ಒಂದು ಎಚ್ಚರಿಕೆ. 2025ರ ಜನವರಿ 6ರಂದು ಐಟಿಸಿ ಹೋಟೆಲ್ಸ್ ಬೇರೆಯಾಯಿತು. 10 ಐಟಿಸಿ ಶೇರಿಗೆ 1 ಹೋಟೆಲ್ ಶೇರು ಕೊಟ್ಟರು, ಅಷ್ಟರ ಬೆಲೆ ಐಟಿಸಿ ದರದಿಂದ ಕಳಚಿತು. ಆ ವಾರ ನನ್ನ ಶೀಟಿನ ಗೆರೆ ಬಂಡೆಯಿಂದ ಜಾರಿದಂತೆ ಬಿತ್ತು. ಮಾರಿದ ಮೇಲೂ ನೋಡುವ ಚಟ ಬಿಟ್ಟಿರಲಿಲ್ಲ. ಅದು ಬಲಹೀನತೆಯಲ್ಲ, ಲೆಕ್ಕದ ಹೊಂದಾಣಿಕೆ. ಚಾರ್ಟ್ ಕೊಡುವ ಕೆಲವರು ಹಳೆಯ ದರಗಳನ್ನೆಲ್ಲ ಹಿಂದಕ್ಕೆ ತಿದ್ದುತ್ತಾರೆ, ಕೆಲವರು ತಿದ್ದುವುದಿಲ್ಲ. ನಾನಿಲ್ಲಿ ಕೊಟ್ಟಿರುವುದು ತಿದ್ದದ, ಆಯಾ ದಿನದ ದರ. ನಿಮ್ಮ ಪರದೆಯಲ್ಲಿ 2022ರ ಐಟಿಸಿ ಇದಕ್ಕಿಂತ ಕಡಿಮೆ ಕಂಡರೆ ಕಾರಣ ಅದೇ. ಬೋನಸ್, ಸ್ಪ್ಲಿಟ್ ಬಂದಾಗಲೂ ಇದೇ ಕಥೆ. ಅದಕ್ಕೇ ಈಗ ಯಾವುದೇ ಶೇರಿನ ಅಂಕಿ ಒಂದೇ ವಾರದಲ್ಲಿ ಧೊಪ್ಪೆಂದು ಬಿದ್ದರೆ ಮೊದಲು ಎನ್‌ಎಸ್‌ಇಯ ಪ್ರಕಟಣೆ ತೆರೆದು ನೋಡುತ್ತೇನೆ, ಆಮೇಲೆ ಹಳೆಯ ಸಾಲುಗಳನ್ನು ಅದೇ ಪ್ರಮಾಣದಲ್ಲಿ ತಿದ್ದಿ 52 ವಾರದ ಸರಾಸರಿ ಮತ್ತೆ ತೆಗೆಯುತ್ತೇನೆ.