ಗಡಿಯಾರ ತಿರುಗಿಸಿದ ದಿನದ ಗಂಟೆವಾರು ಚಾರ್ಟ್ ಸರಿಪಡಿಸುವುದು ಹೇಗೆ?

ದಾವಣಗೆರೆಯ ಕಚೇರಿಯೊಂದರಲ್ಲಿ ಕುಳಿತು ನ್ಯೂಯಾರ್ಕಿನ ಗ್ರಾಹಕರಿಗೆ ಬಂದ ಕರೆಗಳ ಗಂಟೆವಾರು ಚಾರ್ಟ್ ಸಿದ್ಧಪಡಿಸುವವರಿಗೆ ವರ್ಷದಲ್ಲಿ ಎರಡು ದಿನ ತೊಡಕಿನವು: ಅಲ್ಲಿ ಗಡಿಯಾರವನ್ನು ಮಾರ್ಚ್‌ನಲ್ಲಿ ಒಂದು ಗಂಟೆ ಮುಂದಕ್ಕೆ, ನವೆಂಬರ್‌ನಲ್ಲಿ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಮ್ಮ ಗಡಿಯಾರ ಎಂದೂ ಬದಲಾಗುವುದಿಲ್ಲವಾದ್ದರಿಂದ ಈ ತೊಡಕು ನಮ್ಮ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. 2025ರ ನವೆಂಬರ್ 2ರಂದು ಅಲ್ಲಿ ರಾತ್ರಿ 2 ಗಂಟೆಯಾಗುತ್ತಿದ್ದಂತೆ ಗಡಿಯಾರವನ್ನು ಮತ್ತೆ 1ಕ್ಕೆ ತಂದರು. ನಮಗೂ ಅವರಿಗೂ ಇದ್ದ ಒಂಬತ್ತೂವರೆ ಗಂಟೆಯ ಅಂತರ ಹತ್ತೂವರೆಯಾಯಿತು. ಅಂದು 1ರಿಂದ 2 ಗಂಟೆಯವರೆಗಿನ ಹೊತ್ತು ಎರಡು ಬಾರಿ ಬಂದಿತು.

ಮೊದಲ ಸಲ ಆ ಹೊತ್ತಿನಲ್ಲಿ 40 ಕರೆ, ಎರಡನೆಯ ಸಲ 36 ಕರೆ ಬಂದವೆಂದುಕೊಳ್ಳೋಣ. ಸ್ಥಳೀಯ ಸಮಯವನ್ನೇ ಹಿಡಿದು ಗುಂಪು ಮಾಡಿದರೆ 76 ಕರೆಗಳ ಎತ್ತರದ ಒಂದೇ ಕಂಬ ಮೂಡುತ್ತದೆ, ನೋಡಿದವರು ಆ ರಾತ್ರಿ ಏನೋ ಅನಾಹುತವಾಗಿದೆ ಎಂದು ಭಾವಿಸುತ್ತಾರೆ. ಆದ್ದರಿಂದ ಮೊದಲು ಯುಟಿಸಿ ಸಮಯದಲ್ಲಿ ಎಣಿಸಬೇಕು. ಭಾರತೀಯ ಸಮಯದಲ್ಲಿ ಎಣಿಸಿದರೂ ಸರಿಹೋಗದು, ಏಕೆಂದರೆ ನಮ್ಮ ಗಂಟೆ ಅವರ ಗಂಟೆಯ ನಡುವಿನಲ್ಲಿ, ಅರ್ಧಕ್ಕೆ ಆರಂಭವಾಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಸಮಯದ ಕಾಲಂ `timestamptz` ಆಗಿದ್ದರೆ ಹೀಗೆ ಬರೆಯಬಹುದು:

```sql
SELECT date_trunc('hour', t AT TIME ZONE 'UTC') AS utc_hour,
       count(*)
FROM calls
WHERE t >= '2025-11-02 04:00+00'
  AND t <  '2025-11-03 05:00+00'
GROUP BY 1 ORDER BY 1;
```

ಇಲ್ಲಿನ ಆರಂಭ ಮತ್ತು ಕೊನೆಯ ನಡುವೆ 24 ಅಲ್ಲ, 25 ಗಂಟೆಗಳಿವೆ. ನ್ಯೂಯಾರ್ಕಿನ ಆ ಭಾನುವಾರ ಅಷ್ಟು ಉದ್ದವಿತ್ತು. ಯುಟಿಸಿ 5 ಗಂಟೆಯ ಸಾಲಿನಲ್ಲಿ 40, 6ರ ಸಾಲಿನಲ್ಲಿ 36 ಬೇರೆಬೇರೆಯಾಗಿ ಸಿಗುತ್ತವೆ. ಕಂಬಗಳನ್ನು ಯುಟಿಸಿ ಕ್ರಮದಲ್ಲೇ ಜೋಡಿಸಿ, ಕೆಳಗಿನ ಹೆಸರನ್ನು ಮಾತ್ರ ಅಲ್ಲಿನ ಸಮಯಕ್ಕೆ ತಿರುಗಿಸಿ, ಯುಟಿಸಿಯಿಂದ ಇರುವ ಅಂತರವನ್ನೂ ಸೇರಿಸಿ `01:00 -04:00`, `01:00 -05:00` ಎಂದು ಬರೆಯಬೇಕು. ಅಂತರವನ್ನು ಬಿಟ್ಟರೆ ಒಂದೇ ಹೆಸರಿನ ಎರಡು ಕಂಬಗಳನ್ನು ಕೆಲವು ತಂತ್ರಾಂಶಗಳು ಮತ್ತೆ ಕೂಡಿಸಿಬಿಡುತ್ತವೆ, ಮಾಡಿದ ಕೆಲಸವೆಲ್ಲ ವ್ಯರ್ಥವಾಗುತ್ತದೆ.

ಮಾರ್ಚ್‌ನಲ್ಲಿ ಇದರ ವಿರುದ್ಧ ನಡೆಯುತ್ತದೆ. 2025ರ ಮಾರ್ಚ್ 9ರಂದು 1:59ರ ನಂತರ ನೇರವಾಗಿ 3 ಗಂಟೆಯಾಯಿತು. ಆ ದಿನ 23 ಕಂಬಗಳಿರಬೇಕು. ಇಲ್ಲದ 2 ಗಂಟೆಗೆ ಸೊನ್ನೆ ಹಾಕುವುದು ತಪ್ಪು, ಏಕೆಂದರೆ ಸೊನ್ನೆ ಎಂದರೆ ಗಂಟೆ ಇತ್ತು, ಕರೆ ಬರಲಿಲ್ಲ ಎಂದರ್ಥ. ತಿಂಗಳ ಸರಾಸರಿಗೂ ಇದೇ ಎಚ್ಚರ ಬೇಕು: ಆ ಮಾರ್ಚ್‌ನ 2 ಗಂಟೆಯ ಮೊತ್ತವನ್ನು 31ರಿಂದಲ್ಲ, 30ರಿಂದ ಭಾಗಿಸಬೇಕು.

ಅಂತರವಿಲ್ಲದ ಸ್ಥಳೀಯ ಸಮಯವನ್ನಷ್ಟೇ ಉಳಿಸಿಟ್ಟ ಹಳೆಯ ಕಡತಗಳಲ್ಲಿ 1:20 ಎಂಬ ನಮೂದು ಮೊದಲನೆಯದೋ ಎರಡನೆಯದೋ ಎಂದು ಆ ನಮೂದೊಂದರಿಂದ ಹೇಳಲಾಗದು. ದಾಖಲೆಗಳು ಬಂದ ಕ್ರಮದಲ್ಲೇ ಸಂಖ್ಯೆ ಪಡೆದಿದ್ದರೆ, ಸಮಯ 1:59ರ ಆಸುಪಾಸಿನಿಂದ 1:00ರ ಆಸುಪಾಸಿಗೆ ಹಿಂದಕ್ಕೆ ಜಿಗಿದ ಜಾಗವೇ ಗಡಿ, ಅಲ್ಲಿಂದ ಎರಡನ್ನೂ ಬೇರ್ಪಡಿಸಬಹುದು. ಕ್ರಮವೂ ಉಳಿದಿಲ್ಲದಿದ್ದರೆ ಎರಡು ಗಂಟೆಗಳ ಮೊತ್ತವನ್ನು ಒಟ್ಟಾಗಿಯೇ ತೋರಿಸಿ, ಹಾಗೆಂದು ಚಾರ್ಟಿನ ಕೆಳಗೆ ಬರೆಯುವುದೇ ಸರಿ.