ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಆಗದಂತೆ ಹೆಸರು ಬರೆಸುವುದು ಹೇಗೆ?

ಕೋಲಾರ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದಾಗ, ಎಂಟನೆಯ ತರಗತಿಗೆ ಸೇರಲು ಬಂದ ಬಾಲಕಿಯೊಬ್ಬಳ ಮೂರು ದಾಖಲೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕಾಯಿತು. ಜನನ ಪ್ರಮಾಣ ಪತ್ರದಲ್ಲಿ ಆಕೆಯ ಹೆಸರು ‘ನಳಿನಾಕ್ಷಿ ಬಿ ವಿ’ ಎಂದೂ Nalinakshi B V ಎಂದೂ ಇತ್ತು. ಆಧಾರ್ ಕಾರ್ಡಿನಲ್ಲಿ ಇಂಗ್ಲಿಷ್ ಹೆಸರು B V Nalinakshi ಆಗಿತ್ತು, ಕನ್ನಡದ ಹೆಸರು ‘ಬಿ ವಿ ನಲಿನಾಕ್ಷಿ’ ಆಗಿತ್ತು. ಜಾತಿ ಪ್ರಮಾಣ ಪತ್ರದಲ್ಲಿ ಊರಿನ ಇನಿಷಿಯಲ್ ಬಿದ್ದುಹೋಗಿ ‘ನಳಿನಾಕ್ಷಿ ವಿ’ ಉಳಿದಿತ್ತು. ಇಲ್ಲಿ ಹೆಸರುಗಳನ್ನು ಬದಲಿಸಿ ಬರೆದಿದ್ದೇನೆ, ಆದರೆ ತಪ್ಪುಗಳು ಇದ್ದಂತೆಯೇ ಇವೆ. ಮಗುವಿನ ಹೆಸರು ಬೇರೆಬೇರೆಯಾಗಿದೆ ಎಂಬುದು ಬೇತಮಂಗಲದ ಆ ತಂದೆಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಇಂಥ ಹಲವು ಮಕ್ಕಳನ್ನು ನೋಡಿದ್ದೇನೆ. ಹೆಚ್ಚಿನ ತಪ್ಪುಗಳು ಒಂದೇ ಕಡೆಯಲ್ಲಿ ಹುಟ್ಟುತ್ತವೆ: ಯಾರೋ ಒಬ್ಬರು ಇಂಗ್ಲಿಷ್ ಹೆಸರನ್ನು ನೋಡಿ ಕನ್ನಡವನ್ನು ಊಹಿಸಿರುತ್ತಾರೆ.

ಊಹೆ ಏಕೆ ತಪ್ಪುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನ ಕೆಲಸ ಸುಲಭವಾಗುತ್ತದೆ. ಕನ್ನಡದ ‘ಲ’ ಮತ್ತು ‘ಳ’ ಎರಡೂ ಇಂಗ್ಲಿಷಿನಲ್ಲಿ l ಆಗುತ್ತವೆ, ‘ನ’ ಮತ್ತು ‘ಣ’ ಎರಡೂ n ಆಗುತ್ತವೆ, ‘ಅ’ ಮತ್ತು ‘ಆ’ ಎರಡನ್ನೂ ಸಾಮಾನ್ಯವಾಗಿ a ಎಂದೇ ಬರೆಯುತ್ತೇವೆ. ಆದ್ದರಿಂದ ಕನ್ನಡದಿಂದ ಇಂಗ್ಲಿಷಿಗೆ ಹೋಗುವ ದಾರಿ ಇದೆಯೇ ಹೊರತು ಅದೇ ದಾರಿಯಲ್ಲಿ ಹಿಂದಕ್ಕೆ ಬರಲು ಸಾಧ್ಯವಿಲ್ಲ. Nalinakshi ಎಂಬುದನ್ನು ನೋಡಿದ ಮನುಷ್ಯನಿಗಾಗಲಿ ಯಂತ್ರಕ್ಕಾಗಲಿ ಅಲ್ಲಿ ‘ಳ’ ಇತ್ತೆಂದು ತಿಳಿಯುವುದಿಲ್ಲ. ಭಾರತೀಯ ಲಿಪಿಗಳಿಗಾಗಿ ರೂಪಿಸಿದ ಐಎಸ್‌ಒ 15919 ಎಂಬ ಲಿಪ್ಯಂತರ ಕ್ರಮದಲ್ಲಿ ‘ಳ’ವನ್ನು ಕೆಳಗೆ ಚುಕ್ಕಿಯಿಟ್ಟ ḷ ಎಂದು ಬರೆಯುವ ವ್ಯವಸ್ಥೆ ಇದ್ದರೂ, ಅಧಿಕೃತ ಅರ್ಜಿಗಳ ಹೆಸರಿನ ಕಲಮಿಗೆ ಚುಕ್ಕಿಗೆರೆಗಳಿಲ್ಲದ ಇಂಗ್ಲಿಷ್ ಅಕ್ಷರಗಳನ್ನೇ ಕೊಡಬೇಕಾಗುವುದರಿಂದ ಅದು ನಮ್ಮ ಕೆಲಸಕ್ಕೆ ಬರುವುದಿಲ್ಲ. ಹೀಗಾಗಿ ಎರಡೂ ರೂಪಗಳನ್ನು ಒಮ್ಮೆ ನಿರ್ಧರಿಸಿ, ಜೋಡಿಯಾಗಿ ಬರೆದಿಟ್ಟುಕೊಂಡು, ಹೋದ ಕಡೆಯೆಲ್ಲ ಆ ಜೋಡಿಯನ್ನೇ ಕೊಡಬೇಕು.

ಮೊದಲ ಹಂತದಲ್ಲಿ ಮೂಲ ದಾಖಲೆ ಯಾವುದೆಂದು ಗೊತ್ತುಮಾಡಿಕೊಳ್ಳಿ. ಮಗುವಿಗಾದರೆ ಜನನ ಪ್ರಮಾಣ ಪತ್ರ, ಹತ್ತನೆಯ ತರಗತಿ ಮುಗಿಸಿದವರಿಗಾದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. 2023ರ ಅಕ್ಟೋಬರ್ 1ರಂದು ಅಥವಾ ಆನಂತರ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಆಧಾರ್, ಪಾಸ್‌ಪೋರ್ಟ್ ಮೊದಲಾದವಕ್ಕೆಲ್ಲ ಜನನ ಪ್ರಮಾಣ ಪತ್ರವನ್ನೇ ಆಧಾರವಾಗಿ ಕಾನೂನು ಮಾಡಿರುವುದರಿಂದ, ಅದರಲ್ಲಿ ಮಗುವಿನ ಹೆಸರು ಸೇರಿಸುವಾಗಲೇ ಎರಡೂ ಭಾಷೆಯ ಅಕ್ಷರಗಳನ್ನು ಪರೀಕ್ಷಿಸಿಕೊಳ್ಳಬೇಕು.

ಎರಡನೆಯ ಹಂತ ಕನ್ನಡದ ರೂಪವನ್ನು ಖಚಿತಪಡಿಸಿಕೊಳ್ಳುವುದು. ಇಲ್ಲಿ ಜನರು ಗಮನಿಸದೆ ಬಿಡುವುದು ಹೆಸರಿನ ಕೊನೆಯನ್ನು. ‘ಮಂಜುನಾಥ’ ಮತ್ತು ‘ಮಂಜುನಾಥ್’ ಎರಡು ರೂಪಗಳು. ಮೊದಲನೆಯದಕ್ಕೆ Manjunatha, ಎರಡನೆಯದಕ್ಕೆ Manjunath ಸರಿಯಾದ ಜೋಡಿ. ಕನ್ನಡದಲ್ಲಿ ಸ್ವರಾಂತವಾಗಿ ಬರೆದು ಇಂಗ್ಲಿಷಿನಲ್ಲಿ ಕೊನೆಯ a ಬಿಟ್ಟರೆ, ಮುಂದಿನ ಕಚೇರಿಯಲ್ಲಿ ಅದನ್ನು ನೋಡಿ ಟೈಪು ಮಾಡುವವರು ಕನ್ನಡಕ್ಕೂ ಹಲಂತ ಹಚ್ಚುತ್ತಾರೆ. ಮನೆಯಲ್ಲಿ ‘ಮಂಜುನಾಥ’ ಎಂದು ಕರೆಯುವವರು a ಸೇರಿಸಿಯೇ ಬರೆಸಬೇಕೆಂಬುದು ನನ್ನ ದೃಢವಾದ ಸಲಹೆ. ತುಮಕೂರಿನ ಕಡೆ ಹೆಚ್ಚಾಗಿರುವ ‘ಸಿದ್ಧ’ ಎಂದು ಆರಂಭವಾಗುವ ಹೆಸರುಗಳಲ್ಲಿ ಮಹಾಪ್ರಾಣ ಇದೆಯೋ ಇಲ್ಲವೋ ಎಂಬುದನ್ನೂ ಇದೇ ಹಂತದಲ್ಲಿ ತೀರ್ಮಾನಿಸಿರಿ.

ಪಹಣಿಯನ್ನು ನೋಡಿ ಹೆಸರು ಬರೆಸುವವರಿಗೆ ಒಂದು ಎಚ್ಚರಿಕೆ. ‘ವೆಂಕಟೇಶಪ್ಪ ಬಿನ್ ಮುನಿಯಪ್ಪ’ ಎಂಬಲ್ಲಿ ‘ಬಿನ್’ ಎಂದರೆ ಮಗ. ‘ಕೋಂ’ ಎಂದಿದ್ದರೆ ಹೆಂಡತಿ. ಇವು ಹೆಸರಿನ ಭಾಗವಲ್ಲ. Bin ಎಂಬುದು ಹೆಸರಿನೊಳಗೆ ಸೇರಿಕೊಂಡಿರುವ ಕಾಗದವನ್ನು ನಾನು ನೋಡಿದ್ದೇನೆ.

ಇಂಗ್ಲಿಷ್ ಕಾಗುಣಿತವನ್ನು ಆರಿಸುವಾಗ ಶುದ್ಧಾಶುದ್ಧದ ಚರ್ಚೆಗೆ ಇಳಿಯಬೇಡಿ. ಲಕ್ಷ್ಮಿಯನ್ನು Lakshmi ಎಂದರೂ Laxmi ಎಂದರೂ ನಡೆಯುತ್ತದೆ, ಗೌಡವನ್ನು Gowda ಎಂದರೂ Gouda ಎಂದರೂ ನಡೆಯುತ್ತದೆ. ತಂದೆಯ ದಾಖಲೆಯಲ್ಲಿ ಯಾವುದಿದೆಯೋ ಅದನ್ನೇ ಮಗುವಿಗೂ ಇಡಿ. ಸಂಖ್ಯಾಶಾಸ್ತ್ರದವರ ಮಾತು ಕೇಳಿ ನಡುವೆ ಒಂದು a ಅಥವಾ h ಹೆಚ್ಚಿಸಬೇಡಿ, ಏಕೆಂದರೆ ಆ ಹೆಚ್ಚಿನ ಅಕ್ಷರ ಒಂದು ದಾಖಲೆಗೆ ಸೇರುತ್ತದೆ, ಉಳಿದವುಗಳಲ್ಲಿ ಇರುವುದಿಲ್ಲ.

ಇನಿಷಿಯಲ್‌ಗಳ ವಿಷಯದಲ್ಲಿ ಮೂರು ನಿರ್ಧಾರಗಳನ್ನು ಒಟ್ಟಿಗೇ ಮಾಡಬೇಕು: ಹೆಸರಿನ ಮುಂದೆಯೋ ಹಿಂದೆಯೋ, ಎಷ್ಟು, ಮತ್ತು ಚುಕ್ಕಿ ಬೇಕೋ ಬೇಡವೋ. ನಾನು ಎಲ್ಲರಿಗೂ ಹೆಸರಿನ ನಂತರ, ಚುಕ್ಕಿಯಿಲ್ಲದೆ, ನಡುವೆ ಒಂದೊಂದೇ ಜಾಗ ಬಿಟ್ಟು ಬರೆಸುತ್ತಿದ್ದೆ: Nalinakshi B V. ಚುಕ್ಕಿ ಬಳಸಿದರೆ B.V., B. V. ಮತ್ತು BV ಎಂಬ ಮೂರು ರೂಪಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ, ಅಕ್ಷರಕ್ಕೆ ಅಕ್ಷರ ಹೋಲಿಸುವ ಕಂಪ್ಯೂಟರಿಗೆ ಅವು ಮೂರು ಬೇರೆ ಹೆಸರುಗಳು. ಕನ್ನಡದಲ್ಲೂ ಅದೇ ಅನುಕ್ರಮದಲ್ಲಿ ‘ಬಿ ವಿ’ ಎಂದು ಇಂಗ್ಲಿಷ್ ಅಕ್ಷರದ ಉಚ್ಚಾರವನ್ನೇ ಬರೆಯಬೇಕು, ಹಳಬರಂತೆ ‘ಬೇ. ವೆಂ.’ ಎಂದು ಬರೆದರೆ ಜೋಡಿ ತಪ್ಪುತ್ತದೆ. ಇನ್ನು ಪಾನ್ ಕಾರ್ಡಿನ ಅರ್ಜಿಯಲ್ಲಿ ಇನಿಷಿಯಲ್‌ಗಳಿಗೆ ಅವಕಾಶವಿಲ್ಲ, ಅವನ್ನು ಬಿಡಿಸಿ ಬರೆಯಬೇಕು. ಆಗ ಈ ಬಾಲಕಿ Nalinakshi Bethamangala Venkateshappa ಆಗುತ್ತಾಳೆ. ಆದ್ದರಿಂದ ಬಿಡಿಸಿದ ರೂಪದ ಕಾಗುಣಿತವನ್ನೂ ಈಗಲೇ ಚೀಟಿಯಲ್ಲಿ ಬರೆದಿಡಬೇಕು, ಅದಕ್ಕೂ ಮೊದಲು ತಂದೆಯ ಹೆಸರು ಸ್ಥಿರವಾಗಿರಬೇಕು.

ಈಗ ಬರುವುದು ಹೆಚ್ಚಿನವರು ಎಡವುವ ಹಂತ, ಅಂದರೆ ಕಂಪ್ಯೂಟರಿನ ಮುಂದೆ ಕುಳಿತಾಗ. ಆಧಾರ್ ನೋಂದಣಿಯಲ್ಲಿ ಇಂಗ್ಲಿಷ್ ಹೆಸರನ್ನು ಟೈಪು ಮಾಡಿದ ಕೂಡಲೇ ಕನ್ನಡದ ಕಲಮನ್ನು ತಂತ್ರಾಂಶವೇ ತುಂಬುತ್ತದೆ. ಅದನ್ನು ತಿದ್ದಲು ಆಪರೇಟರಿಗೆ ಅವಕಾಶವಿದೆ, ಆದರೆ ಸಾಲು ಉದ್ದವಿರುವಾಗ ಯಾರೂ ಕೇಳದೆ ಅವರು ತಿದ್ದುವುದಿಲ್ಲ. ನಳಿನಾಕ್ಷಿ ನಲಿನಾಕ್ಷಿಯಾದದ್ದು ಹೀಗೆ. ಬಾಯಿಮಾತಿನಲ್ಲಿ ಹೆಸರು ಹೇಳಬೇಡಿ. ಎರಡೂ ರೂಪಗಳನ್ನು ದಪ್ಪಕ್ಷರದಲ್ಲಿ ಬರೆದ ಚೀಟಿಯನ್ನು ಕೊಟ್ಟು, ನಿಮ್ಮ ಕಡೆಗೆ ತಿರುಗಿಸಿಟ್ಟ ಪರದೆಯಲ್ಲಿ ಕನ್ನಡದ ಸಾಲನ್ನೇ ಮೊದಲು ಓದಿ. ಓದುವಾಗ ಇಡೀ ಹೆಸರನ್ನು ಒಂದೇ ನೋಟಕ್ಕೆ ನೋಡಿದರೆ ತಪ್ಪು ಕಾಣುವುದಿಲ್ಲ, ಏಕೆಂದರೆ ಸ್ವಂತ ಮಗುವಿನ ಹೆಸರನ್ನು ಕಣ್ಣು ಸರಿಮಾಡಿಕೊಂಡೇ ಓದುತ್ತದೆ. ಕೊನೆಯಿಂದ ಹಿಂದಕ್ಕೆ ಒಂದೊಂದೇ ಅಕ್ಷರವಾಗಿ, ‘ಕ್ಷಿ, ನಾ, ಳಿ, ನ’ ಎಂದು ಓದಿ. ಳ ಮತ್ತು ಣ ಉಳಿದಿವೆಯೇ, ದೀರ್ಘಗಳು ಇವೆಯೇ, ಒತ್ತಕ್ಷರ ಬಿದ್ದಿದೆಯೇ, ಕೊನೆಯಲ್ಲಿ ಸ್ವರ ಇದೆಯೇ ಎಂಬ ನಾಲ್ಕನ್ನು ನೋಡಿದರೆ ಬಹುತೇಕ ತಪ್ಪುಗಳು ಸಿಗುತ್ತವೆ.

ಕಣ್ಣಿಗೆ ಕಾಣದ ತಪ್ಪೂ ಒಂದಿದೆ. ಸೊನ್ನೆಯಂತೆ ಕಾಣುವ ಅನುಸ್ವಾರದ ಬದಲು ಕನ್ನಡದ ಅಂಕಿ ೦ಯನ್ನು ಒತ್ತುವ ಅಭ್ಯಾಸ ಅನೇಕ ಟೈಪಿಂಗ್ ಅಂಗಡಿಗಳಲ್ಲಿ ಇದೆ. ‘ವೆಂಕಟೇಶಪ್ಪ’ ಮತ್ತು ‘ವೆ೦ಕಟೇಶಪ್ಪ’ ಕಾಗದದ ಮೇಲೆ ಒಂದೇ ರೀತಿ ಕಂಡರೂ ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಇರುವುದು ಅಂಕಿ. ಯೂನಿಕೋಡ್‌ನಲ್ಲಿ ಇವೆರಡರ ಸಂಕೇತಗಳೇ ಬೇರೆ:

```
ಂ  U+0C82
೦  U+0CE6
```

ಪತ್ತೆ ಮಾಡುವುದು ಕಷ್ಟವಲ್ಲ. ಕಡತ ತೆರೆದಿರುವಾಗ ಹುಡುಕುವ ಕಿಂಡಿಯಲ್ಲಿ ಸರಿಯಾದ ಅನುಸ್ವಾರದೊಂದಿಗೆ ಹೆಸರನ್ನು ಟೈಪು ಮಾಡಿ. ಕಣ್ಣೆದುರೇ ಇರುವ ಹೆಸರು ಸಿಗಲಿಲ್ಲವೆಂದರೆ ಒಳಗೆ ಅಂಕಿ ಕುಳಿತಿರುವ ಸಾಧ್ಯತೆ ಹೆಚ್ಚು. ಆ ಅಕ್ಷರವನ್ನು ಅಳಿಸಿ ಹೊಸದಾಗಿ ಒತ್ತಿಸಿ. ಹಳೆಯ ನುಡಿ ಫಾಂಟಿನಲ್ಲಿ, ಅಂದರೆ ಯೂನಿಕೋಡ್ ಅಲ್ಲದ ಬಗೆಯಲ್ಲಿ ಟೈಪು ಮಾಡಿದ ಹೆಸರನ್ನು ಜಾಲತಾಣದ ಅರ್ಜಿಗೆ ನಕಲು ಮಾಡಿದರೆ ಅದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಬೀಳುತ್ತದೆ. ಇದು ಕಣ್ಣಿಗೆ ಕಾಣುವ ತಪ್ಪಾದ್ದರಿಂದ ಅಷ್ಟು ಅಪಾಯವಿಲ್ಲ. ಅನುವಾದದ ಆ್ಯಪ್‌ಗಳನ್ನು ಮಾತ್ರ ಈ ಕೆಲಸಕ್ಕೆ ಮುಟ್ಟಲೇಬೇಡಿ. ಅವು ಇರುವುದು ಅರ್ಥವನ್ನು ತಿರುಗಿಸಲು, ಅಕ್ಷರವನ್ನಲ್ಲ. ‘ಜ್ಯೋತಿ’ ಎಂದು ಕೊಟ್ಟರೆ ಬೆಳಕು ಎಂಬರ್ಥದ ಇಂಗ್ಲಿಷ್ ಪದ ಬಂದೀತು.

ತಿದ್ದುಪಡಿಯಲ್ಲಿ ಅನುಕ್ರಮ ಮುಖ್ಯ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ ಬದಲಿಸಬಹುದು, ಆದ್ದರಿಂದ ಮೂಲ ದಾಖಲೆ ಸರಿಯಾಗುವ ಮೊದಲು ಅಲ್ಲಿ ಒಂದು ಅವಕಾಶವನ್ನು ಕಳೆದುಕೊಳ್ಳಬಾರದು. ಜನನ ನೋಂದಣಿಯಲ್ಲೇ ತಪ್ಪಿದ್ದರೆ 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೆಯ ಕಲಮಿನಡಿ ನೋಂದಣಾಧಿಕಾರಿಯವರಲ್ಲಿ ತಿದ್ದಿಸಿ, ಬಳಿಕ ಆಧಾರ್, ಬಳಿಕ ಶಾಲೆಯ ದಾಖಲಾತಿ ಪುಸ್ತಕ, ಕೊನೆಗೆ ನಾಡಕಚೇರಿಯ ಜಾತಿ ಮತ್ತು ಆದಾಯ ಪತ್ರಗಳು. ನಳಿನಾಕ್ಷಿಯ ಜನನ ಪತ್ರ ಸರಿಯಿದ್ದುದರಿಂದ ಅದನ್ನೇ ಮುಂದಿಟ್ಟು ಆಧಾರ್‌ನ ‘ಲಿ’ಯನ್ನೂ ಇನಿಷಿಯಲ್ ಸ್ಥಾನವನ್ನೂ ಒಂದೇ ಅರ್ಜಿಯಲ್ಲಿ ತಿದ್ದಿಸಿದೆವು. ಬೇರೆಬೇರೆಯಾಗಿ ಮಾಡಿದ್ದರೆ ಎರಡೂ ಅವಕಾಶಗಳು ಮುಗಿಯುತ್ತಿದ್ದವು. ಎಂಟನೆಯ ತರಗತಿಯಲ್ಲೇ ಇದು ಕಂಡದ್ದರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶಾಲೆಯಿಂದ ಹೆಸರು ಕಳುಹಿಸುವ ಹೊತ್ತಿಗೆ ಎಲ್ಲವೂ ಒಂದಾಗಿದ್ದವು. ಆ ಪಟ್ಟಿಯ ಕರಡು ಶಾಲೆಗೆ ಬಂದಾಗ ಪಾಲಕರು ಖುದ್ದಾಗಿ ಓದಿ ಸಹಿ ಮಾಡಬೇಕು. ಅಂಕಪಟ್ಟಿ ಮುದ್ರಣವಾದ ಮೇಲೆ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಬರೆದು ಕಾಯಬೇಕಾಗುತ್ತದೆ.

ಊರಿನ ಹೆಸರಿನ ಬಗ್ಗೆ ಅನಗತ್ಯವಾಗಿ ಓಡಾಡುವವರೂ ಇದ್ದಾರೆ. 2014ರ ನವೆಂಬರ್ 1ರಿಂದ Tumkur ಅಧಿಕೃತವಾಗಿ Tumakuru ಆಗಿದೆ. ಅದಕ್ಕೆ ಮುಂಚಿನ ಪತ್ರದಲ್ಲಿ ಹುಟ್ಟಿದ ಸ್ಥಳ Tumkur ಎಂದಿದ್ದರೆ ಅದು ತಪ್ಪಲ್ಲ, ಅದಕ್ಕಾಗಿ ತಿದ್ದುಪಡಿ ಅರ್ಜಿ ಹಾಕಬೇಕಿಲ್ಲ.

ಈ ಕ್ರಮದಿಂದ ಸರಿಹೋಗದ ಒಂದು ಬಗೆಯೂ ಇದೆ, ಅದು ಆ ಬಾಲಕಿಯ ತಂದೆಗೇ ಎದುರಾಯಿತು. ಪಹಣಿಯಲ್ಲಿ ಅವರು ‘ವೆಂಕಟೇಶಪ್ಪ’, ಆಧಾರ್‌ನಲ್ಲಿ ‘ವೆಂಕಟೇಶ್’. ಇದು ಲಿಪ್ಯಂತರದ ವ್ಯತ್ಯಾಸವಲ್ಲ, ‘ಅಪ್ಪ’ ಎಂಬ ಭಾಗವೇ ಇಲ್ಲದ ಬೇರೆ ಹೆಸರು. ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್ ಕೊಟ್ಟ ಕಚೇರಿಯಲ್ಲಿ ಆ ದಿನದ ಕೆಲಸ ನಡೆಯಿತು, ಆದರೆ ಎರಡೂ ದಾಖಲೆಗಳು ಇದ್ದಂತೆಯೇ ಉಳಿದವು. ಮಗಳ ಹೆಸರಿನ ‘ವಿ’ಯನ್ನು ಮುಂದೆ ಪಾನ್ ಕಾರ್ಡಿಗಾಗಿ ಬಿಡಿಸಬೇಕಾಗುವುದರಿಂದ, ಪಹಣಿಯ ರೂಪವನ್ನೇ ಉಳಿಸಿಕೊಂಡು ತಮ್ಮ ಆಧಾರ್‌ನಲ್ಲಿ Venkateshappa ಎಂದು ತಿದ್ದಿಸಿಕೊಳ್ಳಲು ಅವರಿಗೆ ಹೇಳಿ, ಚೀಟಿಯಲ್ಲಿ ಮಗಳ ಹೆಸರಿನ ಕೆಳಗೆ ಅವರ ಹೆಸರನ್ನೂ ಎರಡು ಭಾಷೆಗಳಲ್ಲಿ ಬರೆದುಕೊಟ್ಟೆ.