ಅಡಮಾನವಿಲ್ಲದ ಸಾಲ: ಬ್ಯಾಂಕು ಲೆಕ್ಕ ಹಾಕುವುದು ಹೀಗೆ

ಕಿರು ಉದ್ಯಮಕ್ಕೆ ನಿಗದಿತ ಮಿತಿಯವರೆಗಿನ ಸಾಲಕ್ಕೆ ಬ್ಯಾಂಕುಗಳು ಮನೆ, ಜಮೀನು ಅಡವಿಡುವಂತೆ ಕೇಳಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಸಾಲದಿಂದ ಕೊಂಡ ಯಂತ್ರ ಮತ್ತು ದಾಸ್ತಾನು ಮಾತ್ರ ಬ್ಯಾಂಕಿನ ಹಕ್ಕಿಗೆ ಒಳಪಡುತ್ತವೆ. ಇಂಥ ಸಾಲಗಳಿಗೆ ಖಾತರಿ ನೀಡಲೆಂದೇ ಕೇಂದ್ರ ಸರ್ಕಾರ ಮತ್ತು ಸಣ್ಣ ಉದ್ಯಮಗಳ ಅಭಿವೃದ್ಧಿ ಬ್ಯಾಂಕಾದ ಸಿಡ್ಬಿ 2000ರಲ್ಲಿ ಸಿಜಿಟಿಎಂಎಸ್‌ಇ ಎಂಬ ಟ್ರಸ್ಟ್ ಸ್ಥಾಪಿಸಿದವು.

ಈ ಖಾತರಿ ಯಾರಿಗೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಅದು ಬ್ಯಾಂಕಿನ ನಷ್ಟಕ್ಕೆ ಇರುವ ರಕ್ಷಣೆಯೇ ಹೊರತು ಸಾಲಗಾರನಿಗೆ ಸಿಗುವ ಮನ್ನಾ ಅಲ್ಲ; ಟ್ರಸ್ಟ್ ಹಣ ಕೊಟ್ಟ ಮೇಲೂ ಬಾಕಿ ವಸೂಲಿ ಮುಂದುವರಿಯುತ್ತದೆ. ಕಿರು ಉದ್ಯಮದ 5 ಲಕ್ಷದವರೆಗಿನ ಸಾಲಕ್ಕೆ ಸಾಮಾನ್ಯವಾಗಿ 85%, ಅದಕ್ಕೆ ಮೇಲ್ಪಟ್ಟು 50 ಲಕ್ಷದವರೆಗೆ 75% ರಕ್ಷಣೆ ಇದ್ದು, ಮಹಿಳೆಯರು ಸೇರಿದಂತೆ ಕೆಲವು ವರ್ಗಗಳಿಗೆ ಪ್ರಮಾಣ ಹೆಚ್ಚು. ಇದಕ್ಕೆ ತೆರುವ ವಾರ್ಷಿಕ ಶುಲ್ಕವನ್ನು ಬ್ಯಾಂಕುಗಳು ಬಹುತೇಕ ಸಾಲಗಾರರಿಂದಲೇ ಪಡೆಯುತ್ತವೆ.

ಅರ್ಜಿಗೆ ಮುನ್ನ ಸಣ್ಣ ಉದ್ಯಮಗಳ ನೋಂದಣಿಗಿರುವ ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಿ. 2025ರ ಏಪ್ರಿಲ್‌ನಿಂದ ಯಂತ್ರೋಪಕರಣದ ಹೂಡಿಕೆ 2.5 ಕೋಟಿ ಮತ್ತು ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ಮೀರದ ಘಟಕ ಕಿರು ಉದ್ಯಮವೆನಿಸುತ್ತದೆ. ಹಳೆಯ ಸಾಲವೊಂದು ಸುಸ್ತಿಯಾಗಿದ್ದರೆ ಅದನ್ನು ಮೊದಲು ಸರಿಪಡಿಸಬೇಕು.

ಇನ್ನು ಮುಖ್ಯ ಪ್ರಶ್ನೆ, ತೀರಿಸುವ ಶಕ್ತಿ. ಅಡಿಕೆ ಹಾಳೆ ತಟ್ಟೆ ಮಾಡುವ ಘಟಕವೊಂದು ಯಂತ್ರಗಳಿಗಾಗಿ 8 ಲಕ್ಷ ಕೇಳಿದೆ ಎಂದಿಟ್ಟುಕೊಳ್ಳೋಣ. 75% ರಕ್ಷಣೆಯಿದ್ದರೂ 2 ಲಕ್ಷದ ಅಪಾಯ ಬ್ಯಾಂಕಿನ ಮೇಲೆಯೇ ಉಳಿಯುವುದರಿಂದ ಅದು ಆದಾಯವನ್ನು ಕೂಲಂಕಷವಾಗಿ ನೋಡುತ್ತದೆ. ತಿಂಗಳ ಮಾರಾಟ 1.8 ಲಕ್ಷ, ಹಾಳೆ, ಕೂಲಿ, ವಿದ್ಯುತ್, ಬಾಡಿಗೆ ಕಳೆದು ಉಳಿಯುವುದು 52,000. ಮನೆಖರ್ಚಿಗೆ 25,000 ತೆಗೆದರೆ ಕಂತುಗಳಿಗೆ ಸಿಗುವುದು 27,000 ರೂಪಾಯಿ. 11% ಬಡ್ಡಿಯಲ್ಲಿ ಐದು ವರ್ಷಕ್ಕೆ ಹೊಸ ಕಂತು ಸುಮಾರು 17,400, ವಾಹನ ಸಾಲದ ಹಳೆಯ ಕಂತು 5,000. ಲಭ್ಯ ಹಣವನ್ನು ಒಟ್ಟು ಕಂತಿನಿಂದ ಭಾಗಿಸಿದರೆ 1.2 ಬರುತ್ತದೆ. ಒಂದು ತಿಂಗಳು ಮಾರಾಟ ಕುಸಿದರೂ ಕಂತು ತಪ್ಪುವಷ್ಟು ಬಿಗಿಯಾದ ಅನುಪಾತವಿದು. ಬ್ಯಾಂಕುಗಳು ಸಾಮಾನ್ಯವಾಗಿ 1.5ರ ಆಸುಪಾಸನ್ನು ಬಯಸುತ್ತವೆ. ಅವಧಿಯನ್ನು ಏಳು ವರ್ಷಕ್ಕೆ ವಿಸ್ತರಿಸಿದರೆ ಕಂತು ಸುಮಾರು 13,700ಕ್ಕೆ ಇಳಿದು ಅನುಪಾತ 1.4 ದಾಟುತ್ತದೆ, ಆದರೆ ಒಟ್ಟು ಬಡ್ಡಿ ಹೆಚ್ಚುತ್ತದೆ. ಸಾಲದ ಮೊತ್ತ ಕಡಿಮೆ ಮಾಡಿಕೊಳ್ಳುವುದೇ ನನ್ನ ದೃಷ್ಟಿಯಲ್ಲಿ ಉತ್ತಮ.

ಹೆಚ್ಚಿನ ಅರ್ಜಿಗಳು ಎಡವುವುದು ದಾಖಲೆಯಲ್ಲಿ. ಇದೇ ಘಟಕದ ಮಾರಾಟದಲ್ಲಿ 1.2 ಲಕ್ಷ ಮಾತ್ರ ಖಾತೆಗೆ ಬಿದ್ದು, ಉಳಿದದ್ದು ನಗದಾಗಿ ಕೈಯಲ್ಲೇ ಓಡಾಡುತ್ತಿದ್ದರೆ, ಅದೇ ಪ್ರಮಾಣದಲ್ಲಿ ಬ್ಯಾಂಕು ಒಪ್ಪುವ ಉಳಿಕೆ ಸುಮಾರು 34,700ಕ್ಕೆ ಇಳಿಯುತ್ತದೆ. ಮನೆಖರ್ಚು ಕಳೆದರೆ ಹೊಸ ಕಂತಿಗೇ ಹಣ ಸಾಲದು. ಆದ್ದರಿಂದ ಅರ್ಜಿ ಹಾಕುವುದಕ್ಕೆ ಕನಿಷ್ಠ ಆರು ತಿಂಗಳು ಮೊದಲೇ ಪ್ರತಿ ದಿನದ ನಗದನ್ನು ವ್ಯವಹಾರದ ಚಾಲ್ತಿ ಖಾತೆಗೆ ಜಮೆ ಮಾಡಿ, ಮನೆಯ ಖರ್ಚನ್ನು ಬೇರೆ ಖಾತೆಯಿಂದ ನಡೆಸಿ.